ಮೊದಲ ಮಾತು ಅಜ್ಜಿಗೆ, ಮಗನಿಗಲ್ಲ

"ಹೊರಗೆ ನೂರು ಜನ ಕಾಯ್ತಿರುವಾಗ ನಮಸ್ಕಾರಕ್ಕೆಲ್ಲ ಡಾಕ್ಟರಿಗೆ ಪುರುಸೊತ್ತೆಲ್ಲಿ?"

ಐದು ಸೆಕೆಂಡು ಸಾಕು. ಅದು ಯಾರ ಪಾಲಿಗೆ ಹೋಗುತ್ತದೆ ಎಂಬುದೇ ಮುಖ್ಯ. ಅಂಕೋಲೆ ಕಡೆಯ ಅಜ್ಜಿ ಮಗನ ಜೊತೆ ಕಾರವಾರಕ್ಕೆ ಬಂದಿದ್ದಾರೆ ಅನ್ನಿ. ಡಾಕ್ಟರು ಚೀಟಿ ನೋಡುತ್ತಲೇ "ಏನಂತೆ ಇವರಿಗೆ?" ಎಂದು ಮಗನನ್ನು ಕೇಳಿದರೆ ಅವನು "ಸುಸ್ತು" ಎನ್ನುತ್ತಾನೆ, ಅಜ್ಜಿ ತಲೆಯಾಡಿಸುತ್ತಾರೆ. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಮತ್ತೆ ರಕ್ತ ಹೋಗುತ್ತಿರುವ ಸಂಗತಿ ಒಳಗೇ ಉಳಿಯುತ್ತದೆ. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು.

ಪೆನ್ನು ಕೆಳಗಿಟ್ಟು, ಅಜ್ಜಿಯ ಮುಖ ನೋಡಿ "ಬನ್ನಿ ಅಮ್ಮ, ಕೂತ್ಕೊಳ್ಳಿ, ನೀವೇ ಹೇಳಿ" ಎನ್ನಬೇಕು, ಕೊಂಕಣಿಯವರಾದರೆ ಕೊಂಕಣಿಯಲ್ಲೇ. ಪರೀಕ್ಷೆಗೆ ಪರದೆ ಎಳೆದಾಗ ಮಗ ಹೊರಗಿರಲಿ. ಬಾಗಿಲ ತನಕ ಹೋದವರು "ಇನ್ನೊಂದಿತ್ತು ಡಾಕ್ಟ್ರೇ" ಎಂದು ತಿರುಗಿದರೆ, ಹೆಚ್ಚಾಗಿ ಶುರುವಿನಲ್ಲೇ ಎಡವಟ್ಟಾಗಿರುತ್ತದೆ.