ಅವರಪ್ಪನ ನಂಬರ್ ಕೊಡಲೇ ಇಲ್ಲ

ನ್ಯೂಜೆರ್ಸಿಯ ನಮ್ಮ ಊರಿನ ಶಾಲೆಯಿಂದ ಬಂದ ಪತ್ರ ಓದಿ ಮೈ ಉರಿದುಹೋಯಿತು. ಬಸ್ಸಿನಲ್ಲಿ ಒಬ್ಬ ಹುಡುಗ ನನ್ನ ಮಗನ ಬ್ಯಾಗು ಎಸೆದು, ಅವನನ್ನು ತಳ್ಳಿದ್ದ. ಹುಡುಗ ಯಾರು ಅಂತ ಮಗನೇ ಹೇಳಿದ್ದ. ನನಗೆ ಬೇಕಿದ್ದದ್ದು ಅವರಪ್ಪನ ಫೋನ್ ನಂಬರ್, ಮತ್ತೆ ಏನು ಶಿಕ್ಷೆ ಆಯಿತು ಅನ್ನುವ ಉತ್ತರ. ಪತ್ರದಲ್ಲಿ ಇದ್ದದ್ದು ಇಷ್ಟೇ: ವಿಚಾರಣೆ ಮುಗಿದಿದೆ, ಪುರಾವೆ ಸಿಕ್ಕಿದೆ, ಕ್ರಮ ಕೈಗೊಳ್ಳಲಾಗಿದೆ.

ಕೌನ್ಸೆಲರ್ ಹತ್ತಿರ ಹೋದೆ. ನಿಮ್ಮ ಮಗನಿಗೆ ಸಂಬಂಧಿಸಿದ ದಾಖಲೆ ತೋರಿಸಬಹುದು, ಬೇರೆ ಮಕ್ಕಳದ್ದು ಆಗಲ್ಲ ಅಂದರು. 1974ರ ಅಮೆರಿಕದ ಕೇಂದ್ರ ಕಾನೂನು ಹಾಗೆ ಹೇಳುತ್ತದಂತೆ. ಕೈಗೆ ಸಿಕ್ಕ ಪುಟದಲ್ಲಿ ಅಲ್ಲಲ್ಲಿ ಕಪ್ಪು ಪಟ್ಟಿ, ಮಕ್ಕಳ ಹೆಸರಿನ ಜಾಗದಲ್ಲಿ ಎ, ಬಿ, ಸಿ. ಉಳಿದದ್ದು ಹೆಚ್ಚುಕಡಿಮೆ ಹೀಗಿತ್ತು:

“ಮಂಗಳವಾರ ಮಧ್ಯಾಹ್ನ, ಮನೆಗೆ ಹೊರಟ ಬಸ್ಸು. ಎ ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದದ್ದನ್ನು ನೋಡಿದ್ದಾಗಿ ಸಿ ಹೇಳಿದ. ತಾನು ಎದ್ದಾಗ ಎ ಎರಡೂ ಕೈಯಿಂದ ಎದೆಗೆ ತಳ್ಳಿದ ಎಂದು ಬಿ ಹೇಳಿದ. ಬಸ್ಸು ತಿರುಗುವಾಗ ಕೈ ತಾಗಿತು ಎಂದು ಎ ಹೇಳಿದ. ಅದು ಸಿಗೆ ಕಂಡಿಲ್ಲ. ‘ನಿಮ್ಮವರೆಲ್ಲ ನಾರ್ತೀರಿ, ಹಿಂದೆ ಹೋಗು’ ಎಂಬ ಮಾತನ್ನು ಬಿ ಮತ್ತು ಸಿ ಇಬ್ಬರೂ ಕೇಳಿದ್ದಾರೆ.”

ಬಿ ಅಂದರೆ ನನ್ನ ಮಗ. ಆ ಹುಡುಗ ಪುಂಡ, ಕೆಟ್ಟವನು ಅಂತ ಒಂದು ಕಡೆಯೂ ಇಲ್ಲ. ಪಾಪ ನಮ್ಮ ಹುಡುಗ ಅಂತಲೂ ಇಲ್ಲ. ಬ್ಯಾಂಕ್ ಪಾಸ್‌ಬುಕ್ ಓದಿದ ಹಾಗಿತ್ತು.

ಆಕೆ ನಿಧಾನಕ್ಕೆ ವಿವರಿಸಿದರು. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುತ್ತಾರೆ. ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು ಅಂತ ಬೇರೆ ಮಾಡುತ್ತಾರೆ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಹಾಗೇ ಬಿಡುತ್ತಾರೆ. “ಸಿಟ್ಟಿನಿಂದ ತಳ್ಳಿದ” ಅಂತ ಬರೆಯಲ್ಲ. ಸಿಟ್ಟು ಆಕೆಗೆ ಕಂಡಿಲ್ಲವಲ್ಲ.

ಆ ಬೈಗುಳವನ್ನು ಯಥಾವತ್ತಾಗಿ ಯಾಕೆ ಬರೆದಿರಿ ಅಂದೆ. ನನಗೆ ಓದಲಿಕ್ಕೇ ಹಿಂಸೆಯಾಗಿತ್ತು. 2011ರಲ್ಲಿ ಸಹಿ ಬಿದ್ದ, ಶಾಲೆಯಲ್ಲಿ ಕಿರುಕುಳ ತಡೆಯುವ ಇಲ್ಲಿನ ರಾಜ್ಯ ಕಾನೂನಿನಲ್ಲಿ ಮಕ್ಕಳ ನಡುವಿನ ಎಲ್ಲ ಜಗಳವೂ ಬರುವುದಿಲ್ಲ. ಜನಾಂಗ, ಧರ್ಮ, ಅಂಗವೈಕಲ್ಯದಂಥ ಯಾವುದಾದರೂ ಗುರುತನ್ನು ಹಿಡಿದು ಕಾಡಿದ್ದು ಅನಿಸಬೇಕು. “ಕೆಟ್ಟ ಮಾತಾಡಿದ” ಅಂತ ಬರೆದು ಬಿಟ್ಟಿದ್ದರೆ ನಮ್ಮದು ಬರೀ ಸೀಟಿನ ಜಗಳವಾಗಿ ಮುಗಿಯುತ್ತಿತ್ತು. “ನಿಮ್ಮವರೆಲ್ಲ” ಅನ್ನುವುದು ಹಾಗೇ ಇದ್ದದ್ದರಿಂದ ಕೇಸು ಗಟ್ಟಿಯಾಯಿತು.

ಹೆಸರು ಅಳಿಸಿದರೆ ಸಾಕಾಗಲ್ಲ ಅಂತಲೂ ಗೊತ್ತಾಯಿತು. “ಹೋದ ತಿಂಗಳು ಸೇರಿದ, ಕನ್ನಡಕದ ಹುಡುಗ” ಅಂತ ಬರೆದರೆ ಬಸ್ಸಿನಲ್ಲಿ ಯಾರಿಗೆ ಗೊತ್ತಾಗಲ್ಲ ಹೇಳಿ? ಹಾಗಾಗಿ ಯಾವ ನಿಲ್ದಾಣದಲ್ಲಿ ಹತ್ತಿದ ಅನ್ನುವುದೂ ನನ್ನ ಪ್ರತಿಯಲ್ಲಿ ಕಪ್ಪಾಗಿತ್ತು.

ಈಗ ನಮ್ಮ ಕಡೆ ನೋಡಿ. ಹಾಸನದಲ್ಲಿ ಅಕ್ಕನ ಮಗಳನ್ನು ಕಾಡಿದಳು ಅಂತ ಅವಳ ಶಾಲೆಯ ಒಂದು ಹುಡುಗಿಯ ಮೇಲೆ ಇಂಥದ್ದೇ ದೂರು ಬಂತು. ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿದರು. ಸಂಜೆಯೊಳಗೆ ಅವಳ ಹೆಸರು, ಅಪ್ಪನ ಕೆಲಸ ಎಲ್ಲ ಪೋಷಕರ ವಾಟ್ಸಾಪ್ ಗುಂಪಿನಲ್ಲಿ. ಪುಸ್ತಕದಲ್ಲಿ ಟೀಚರ್ ಬರೆದದ್ದು ಒಂದೇ ಸಾಲು, “ಸ್ವಭಾವತಃ ಜಗಳಗಂಟಿ”. ಏನಾಯಿತು, ಎಲ್ಲಿ, ಯಾರು ನೋಡಿದರು, ಒಂದೂ ಇಲ್ಲ. ಮುಂದಿನ ವರ್ಷದ ಟೀಚರ್ ಪಾಠ ಶುರು ಮಾಡುವ ಮೊದಲೇ ಅವಳನ್ನು ಮುಂದಿನ ಬೆಂಚಿಗೆ ಹಾಕಿದರಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ನಮ್ಮಲ್ಲೂ ಇದೆ. ಬರೆಯುವ ಅಭ್ಯಾಸ ಇಲ್ಲ ಅಷ್ಟೇ.

ಹಾಗಂತ ಇಲ್ಲಿಯದೇ ಸರಿ ಅಂತ ಬರೆದು ಮುಗಿಸಬಹುದಿತ್ತು. ಆದರೆ ವಿಚಾರಣೆಗೆ ಇಲ್ಲಿ ಹತ್ತು ಶಾಲಾ ದಿನ ಅವಕಾಶ. ನಡುವೆ ಶನಿವಾರ, ಭಾನುವಾರ, ರಜೆ ಬಂದರೆ ಲೆಕ್ಕಕ್ಕಿಲ್ಲ. ಅಷ್ಟೂ ದಿನ ಮಗ ಡ್ರೈವರ್ ಹಿಂದಿನ ಸೀಟಿನಲ್ಲಿ ಮುದುಡಿ ಕೂತು ಹೋದ. ಆ ಹುಡುಗನ ಅಪ್ಪ ಅಮ್ಮನಿಗೂ ನಮ್ಮ ಬಗ್ಗೆ ಏನೂ ಹೇಳಿರಲ್ಲ. ಅವರಿಗೆ ಬಂದು ಕ್ಷಮೆ ಕೇಳಬೇಕು ಅನಿಸಿದ್ದರೂ ಶಾಲೆ ದಾರಿ ತೋರಿಸುವುದಿಲ್ಲ. ಊರಿನಲ್ಲಾದರೆ ಆ ಹುಡುಗಿಯ ಅಮ್ಮ ಎರಡೇ ದಿನಕ್ಕೆ ಅಕ್ಕನ ಮನೆಗೆ ಬಂದು, ಅತ್ತು, ಕಾಫಿ ಕುಡಿದು ಹೋದಳು. ಮಕ್ಕಳಿಬ್ಬರೂ ಈಗ ಒಟ್ಟಿಗೆ ಟ್ಯೂಷನ್‌ಗೆ ಹೋಗುತ್ತಾರೆ. ಇಲ್ಲಿ ಎ ಮತ್ತು ಬಿ ಇನ್ನೂ ಮಾತಾಡಿಲ್ಲ.