ಸತ್ಯಾಂಶ: ಆ ಅಣ್ಣ-ತಂಗಿ ನೇಪಾಳದವರಲ್ಲ

"ನೇಪಾಳದ ಭೂಕಂಪದಲ್ಲಿ ಅಪ್ಪ-ಅಮ್ಮನನ್ನು ಕಳೆದುಕೊಂಡ ಮಕ್ಕಳಂತೆ. ನಾಲ್ಕು ವರ್ಷದ ಅಣ್ಣ ತಂಗಿಯನ್ನು ತಬ್ಬಿಕೊಂಡಿದ್ದಾನೆ. ವಾಟ್ಸಾಪ್‌ನಲ್ಲಿ ಈ ಫೋಟೋ ನೋಡಿದಾಗಿನಿಂದ ಊಟ ಸೇರುತ್ತಿಲ್ಲ, ದುಡ್ಡು ಕಳಿಸೋಣ್ವಾ?"

ದುಡ್ಡು ಕಳಿಸಬೇಡಿ ದೊಡ್ಡಮ್ಮ. ಫೋಟೋ ನಿಜ, ಅದರ ಜೊತೆ ಬಂದಿರುವ ಬರಹ ಸುಳ್ಳು. ಭೂಕಂಪ ಆಗಿದ್ದು 2015ರಲ್ಲಿ. ಈ ಚಿತ್ರವನ್ನು ನಾ ಸನ್ ನುಯೆನ್ ಎಂಬ ಫೋಟೋಗ್ರಾಫರ್ 2007ರಲ್ಲೇ ವಿಯೆಟ್ನಾಂನ ಹಾ ಜಿಯಾಂಗ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ತೆಗೆದಿದ್ದರು. ಮಕ್ಕಳು ಮನೆ ಮುಂದೆ ಆಡುತ್ತಿದ್ದರು, ಅಪ್ಪ-ಅಮ್ಮ ಹೊಲಕ್ಕೆ ಹೋಗಿದ್ದರು. ಅಪರಿಚಿತರನ್ನು ಕಂಡು ಪಾಪು ಅತ್ತಿತು, ಅಣ್ಣ ಅಪ್ಪಿಕೊಂಡ. ಅಷ್ಟೇ ಕಥೆ! ಇದೇ ಮಕ್ಕಳನ್ನು ಸಿರಿಯಾದ ಅನಾಥರು ಅಂತಲೂ ಹಂಚಿದ್ದಾರೆ.

ನೀವೇ ನೋಡಬಹುದು. ಫೋಟೋವನ್ನು ಗ್ಯಾಲರಿಗೆ ಸೇವ್ ಮಾಡಿ. ಮೇಲೆ ಬರಹ ಅಂಟಿಸಿದ್ದರೆ ಕ್ರಾಪ್ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಹುಡುಕಾಟ ಆ ಅಕ್ಷರಗಳ ಹಿಂದೆಯೇ ಹೋಗಿಬಿಡುತ್ತದೆ. ಆಮೇಲೆ ಗೂಗಲ್ ಆ್ಯಪ್‌ನಲ್ಲಿ ಹುಡುಕುವ ಜಾಗದ ಪಕ್ಕದ ಕ್ಯಾಮೆರಾ ಗುರುತನ್ನು ಒತ್ತಿ, ಈ ಫೋಟೋ ಆರಿಸಿ. ಇದೇ ಚಿತ್ರ ಇರುವ ಪುಟಗಳು ಬರುತ್ತವೆ. ಮೊದಲು ಕಾಣುವುದನ್ನೇ ನಂಬಬೇಡಿ, ಅದೇ ಫಾರ್ವರ್ಡ್ ಅಲ್ಲಿಯೂ ಇರಬಹುದು. ತಾರೀಕು ನೋಡುತ್ತಾ ಹಳೆಯದಕ್ಕೆ ಹೋಗಿ. ಘಟನೆಗಿಂತ ಮೊದಲೇ ಚಿತ್ರ ಇತ್ತು ಅಂದರೆ ಬರಹ ಸುಳ್ಳು ಅಂತ ಅಲ್ಲಿಗೇ ತೀರ್ಮಾನ, ಅಲ್ವಾ?

ಒಂದು ಮಿತಿ ಇದೆ. ಏನೂ ಸಿಗದಿದ್ದರೆ ಬರಹ ನಿಜ ಅಂತ ಅರ್ಥ ಅಲ್ಲ. ಹೊಸ ಫೋಟೋಗಳು, ತಿರುಗಿಸಿದ ಫೋಟೋಗಳು ಎಷ್ಟೋ ಸಲ ಸಿಗುವುದೇ ಇಲ್ಲ. ಅಂಥದ್ದನ್ನು ಮುಂದಕ್ಕೆ ಕಳಿಸದೆ ಸುಮ್ನೆ ಬಿಟ್ಟುಬಿಡಿ. ದುಡ್ಡಿಗೆ ಫೋನ್ ನಂಬರ್ ಕೊಟ್ಟಿದ್ದರಂತೂ ಮೊದಲು ನನಗೆ ತೋರಿಸಿ.