ಕೊಟೇಶನ್ನಿನಲ್ಲಿ ಒಂದು ಇತ್ಯಾದಿ

ಹಲ್ಲಿನ ಕ್ಲಿನಿಕ್ ಒಂದಕ್ಕೆ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ನಾನು ಕಳಿಸಿದ ಮೊದಲ ಕೊಟೇಶನ್ ಹನ್ನೊಂದು ಸಾಲಿನದು. ಅದರಲ್ಲಿ ಎರಡು ತಪ್ಪುಗಳಿದ್ದವು. ಒಂದು ಓದಿದವರ ಕಣ್ಣಿಗೆ ರಾಚುವಂಥದು. ಅದರಿಂದ ಮಾನ ಮಾತ್ರ ಹೋಯಿತು. ಇನ್ನೊಂದು ಯಾರ ಕಣ್ಣಿಗೂ ಬೀಳದಂಥದು. ಅದರಿಂದ ದುಡ್ಡು ಹೋಯಿತು.

ಮಾನ ಹೋದ ಕಥೆ ಚಿಕ್ಕದು. ಹಿಂದಿನ ತಿಂಗಳು ಮೈಸೂರಿನದೇ ಒಂದು ಸಿಹಿತಿಂಡಿ ಅಂಗಡಿಗೆ ಇಂಥದೇ ಕೊಟೇಶನ್ ಬರೆದಿದ್ದೆ. ಹೊಸದಾಗಿ ಬರೆಯುವ ಸೋಮಾರಿತನಕ್ಕೆ ಅದನ್ನೇ ನಕಲು ಮಾಡಿ, ಹೆಸರು ಬದಲಿಸಿ, ಮೊತ್ತ ತಿದ್ದಿ, ರಾತ್ರಿ ಹನ್ನೊಂದಕ್ಕೆ ಕಳಿಸಿ ಮಲಗಿದೆ. ಮೂರನೆಯ ಸಾಲು ಹಾಗೆಯೇ ಉಳಿದಿತ್ತು: "ನಿಮ್ಮ ಮೈಸೂರು ಪಾಕ್, ಜಿಲೇಬಿ ಮತ್ತು ಲಾಡುಗಳ ಬಾಯಲ್ಲಿ ನೀರೂರಿಸುವ 20 ಚಿತ್ರಗಳನ್ನು ಮುಖಪುಟದಲ್ಲಿ ಹಾಕಲಾಗುವುದು." ಬೆಳಿಗ್ಗೆ ಡಾಕ್ಟರ್ ಮೇಡಂ ಫೋನ್ ಮಾಡಿದರು. ನಾನು ಕ್ಷಮೆ ಕೇಳುವ ಮೊದಲೇ, "ಪರವಾಗಿಲ್ಲ ಬಿಡಿ, ನಮ್ಮಲ್ಲಿಗೆ ಜನ ಬರುವುದು ಅವರ ಅಂಗಡಿಯ ದಾರಿಯಿಂದಲೇ. ಬೇಕಿದ್ದರೆ ಅವರ ಸೈಟಿಗೂ ಒಂದು ಲಿಂಕ್ ಕೊಡಿ" ಎಂದರು. ಇಷ್ಟು ಒಳ್ಳೆಯವರ ಹತ್ತಿರ ವ್ಯವಹಾರ ಸುಲಭ ಎಂದುಕೊಂಡೆ. ಒಳ್ಳೆಯವರ ಹತ್ತಿರವೇ ಅದು ಕಷ್ಟ ಎಂಬುದು ಆಗ ಗೊತ್ತಿರಲಿಲ್ಲ.

ದುಡ್ಡು ಹೋದದ್ದು ಐದನೆಯ ಸಾಲಿನಲ್ಲಿ. "ಮುಖಪುಟ, ವೈದ್ಯರ ಪರಿಚಯ, ಚಿಕಿತ್ಸೆಗಳು, ಚಿತ್ರಗಳು, ಸಂಪರ್ಕ ಇತ್ಯಾದಿ. ಒಟ್ಟು ₹35,000. ಮೂರು ವಾರದಲ್ಲಿ ಮುಗಿಸಿಕೊಡಲಾಗುವುದು." ಆ 'ಇತ್ಯಾದಿ'ಯ ಹಿಂದೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಹೂವಿನವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಕೊಸರು ಬಿಡುತ್ತಾಳಲ್ಲ, ಹಾಗೆ ಸೌಜನ್ಯಕ್ಕೆ ಸೇರಿಸಿದ್ದೆ. ಆದರೆ ಹೂವಿನವಳ ಕೊಸರನ್ನು ಅವಳೇ ಕತ್ತರಿಸುತ್ತಾಳೆ. ನಾನು ಕತ್ತರಿಯನ್ನು ಮೇಡಂ ಕೈಗೆ ಕೊಟ್ಟಿದ್ದೆ.

"ಸರಿ, ಶುರು ಮಾಡಿ" ಎಂದು ಫೋನಿನಲ್ಲೇ ಒಪ್ಪಿಗೆ ಸಿಕ್ಕಿತು. ಮುಂಗಡದ ಮಾತು ಕೊಟೇಶನ್ನಿನಲ್ಲಿ ಇರಲಿಲ್ಲವಾದ್ದರಿಂದ ಅವರೂ ಎತ್ತಲಿಲ್ಲ. ನಾನಾಗಿ ಕೇಳಲು ನಾಚಿಕೆ. ನಾಲ್ಕನೆಯ ದಿನ ಮೇಡಂ ಕೇಳಿದರು: "ಅಪಾಯಿಂಟ್‌ಮೆಂಟ್ ಸೈಟಿನಲ್ಲೇ ತೆಗೆದುಕೊಳ್ಳಬಹುದು, ಅಲ್ಲವೇ?" ಅಲ್ಲವೇನು, ಎಂದೆ. ಸಂಪರ್ಕ ಪುಟದಲ್ಲಿ ಒಂದು ಫಾರ್ಮ್ ಇರುತ್ತದೆ. ಹೆಸರು, ಮೊಬೈಲ್ ನಂಬರ್, ತೊಂದರೆ ಏನೆಂದು ಬರೆದು ಒತ್ತಿದರೆ ಕ್ಲಿನಿಕ್ಕಿಗೆ ಮೇಲ್ ಹೋಗುತ್ತದೆ, ಅಲ್ಲಿನ ಹುಡುಗಿ ಫೋನ್ ಮಾಡಿ ಸಮಯ ಹೇಳುತ್ತಾಳೆ. ಇದು ಅರ್ಧ ದಿನದ ಕೆಲಸ. ಮೇಡಂ ಮನಸ್ಸಿನಲ್ಲಿದ್ದದ್ದು ಬಸ್ಸಿನ ಸೀಟು ಕಾಯ್ದಿರಿಸಿದಂತೆ, ಖಾಲಿ ಇರುವ ಸಮಯ ನೋಡಿ ರೋಗಿಯೇ ಹಿಡಿದುಕೊಳ್ಳುವುದು.

ಕೇಳುವುದಕ್ಕೆ ಎರಡೂ ಒಂದೇ. ಮಾಡಲು ಕೂತಾಗ ವ್ಯತ್ಯಾಸ ಗೊತ್ತಾಗುತ್ತದೆ. ಕ್ಲಿನಿಕ್ಕಿನಲ್ಲಿ ಕುರ್ಚಿ ಎರಡು, ಡಾಕ್ಟರ್ ಒಬ್ಬರೇ. ಪರೀಕ್ಷೆಗೆ ಕಾಲು ಗಂಟೆ ಸಾಕು, ರೂಟ್ ಕೆನಾಲಿಗೆ ಒಂದು ಗಂಟೆ ಬೇಕು. ಆದರೆ ತನಗೆ ಯಾವುದು ಬೇಕೆಂದು ರೋಗಿಗೆ ಗೊತ್ತಿರುವುದಿಲ್ಲ. ಅವನಿಗೆ ಗೊತ್ತಿರುವುದು ನೋವು ಮಾತ್ರ. ಗುರುವಾರ ಸಂಜೆ ಮೇಡಂ ಇರುವುದಿಲ್ಲ. ಹಿಡಿದ ಸಮಯವನ್ನು ಒಬ್ಬ ಬಿಟ್ಟರೆ ಅದು ಮತ್ತೆ ಖಾಲಿ ಎಂದು ತೋರಿಸಬೇಕು. ಅದೇ ಸಮಯವನ್ನು ಹುಡುಗಿ ಫೋನಿನಲ್ಲಿ ಇನ್ನೊಬ್ಬರಿಗೆ ಕೊಟ್ಟಿರಬಾರದು. ಅಂದರೆ ಅವಳು ಡೈರಿ ಬಿಟ್ಟು ಕಂಪ್ಯೂಟರಿನಲ್ಲೇ ಬರೆದುಕೊಳ್ಳಬೇಕು. ಆ ಡೈರಿಯನ್ನು ಬಿಡಿಸುವ ಕೆಲಸಕ್ಕೆ ಯಾವ ಕೊಟೇಶನ್ನಿನಲ್ಲೂ ಬೆಲೆ ಕಟ್ಟಲು ಬರುವುದಿಲ್ಲ. "ಇದು ಬೇರೆ ಕೆಲಸ ಮೇಡಂ" ಎಂದೆ, ಮೆಲ್ಲಗೆ. "ನೀವೇ 'ಸಂಪರ್ಕ ಇತ್ಯಾದಿ' ಎಂದು ಬರೆದಿದ್ದೀರಲ್ಲ" ಎಂದರು, ನನಗಿಂತ ಮೆಲ್ಲಗೆ.

ಇಪ್ಪತ್ತೊಂದನೆಯ ದಿನ ಸರಿಯಾಗಿ ಫೋನ್ ಬಂತು: "ಇವತ್ತಿಗೆ ಮೂರು ವಾರ. ಸೈಟ್ ಎಲ್ಲಿ?" ಅಷ್ಟು ಹೊತ್ತಿಗೆ ಅವರಿಂದ ನನಗೆ ಬಂದಿದ್ದದ್ದು ವಾಟ್ಸಾಪಿನಲ್ಲಿ ಕುಗ್ಗಿಹೋದ, ಬೋರ್ಡಿನ ಒಂದು ಫೋಟೋ. ಚಿಕಿತ್ಸೆಗಳ ವಿವರ "ಭಾನುವಾರ ಬರೆದು ಕೊಡುತ್ತೇನೆ" ಎಂದಿದ್ದರು, ಯಾವ ಭಾನುವಾರ ಎಂದಿರಲಿಲ್ಲ. ಹಾಗೆಂದು ತಪ್ಪು ಅವರದಲ್ಲ. ಮೂರು ವಾರ ಯಾವತ್ತಿನಿಂದ ಎಂದು ನಾನೂ ಬರೆದಿರಲಿಲ್ಲ.

ಇಷ್ಟರಲ್ಲಿ ನನ್ನ ಹಲ್ಲೇ ನೋಯತೊಡಗಿತು. ಎಡಗಡೆ, ಕೆಳಗೆ, ಹಿಂದೆ. ಬೇರೆ ಡಾಕ್ಟರ ಬಳಿ ಹೋದರೆ ದ್ರೋಹ, ಇವರ ಬಳಿ ಹೋದರೆ ಸೈಟಿನ ಸುದ್ದಿ. ಎರಡು ರಾತ್ರಿ ಲವಂಗ ಕಚ್ಚಿಕೊಂಡು ಯೋಚಿಸಿ, ಮೂರನೆಯ ದಿನ ಹೋಗಿ ಕುರ್ಚಿಯಲ್ಲಿ ಒರಗಿದೆ. ವಸಡಿಗೆ ಸೂಜಿ ಬಿತ್ತು, ಕೆನ್ನೆಯೊಳಗೆ ಹತ್ತಿ ತುಂಬಿತು, ತುಟಿಯ ಮೂಲೆಯಲ್ಲಿ ಉಗುಳು ಹೀರುವ ಕೊಳವೆ ಗೊರಗೊರ ಎನ್ನತೊಡಗಿತು. ಆಗ ಮೇಡಂ ಮಾತು ತೆಗೆದರು.

"ಅಪಾಯಿಂಟ್‌ಮೆಂಟ್ ಆದವರಿಗೆ ಎಸ್‌ಎಂಎಸ್ ತಾನಾಗಿಯೇ ಹೋಗುತ್ತದೆ, ಅಲ್ಲವೇ?"

"ಆಂ."

"ಒಳ್ಳೆಯದು. ಎಲ್ಲವೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ?"

"ಆಂ, ಆಂ!"

"ಇಷ್ಟು ಉತ್ಸಾಹದಿಂದ ಕೆಲಸ ಮಾಡುವವರು ಸಿಗುವುದಿಲ್ಲ ನೋಡಿ" ಎಂದು ಮೇಡಂ ಸಹಾಯಕಿಗೆ ಹೇಳಿದರು. ಮೊದಲ ಆಂ 'ಇಲ್ಲ', ಎರಡನೆಯದು 'ಖಂಡಿತ ಇಲ್ಲ'. ನಮ್ಮ ದೇಶದಲ್ಲಿ ಒಂದು ಸೈಟಿನಿಂದ ಇಂಥ ಎಸ್‌ಎಂಎಸ್ ಹೋಗಬೇಕಾದರೆ ಮೊದಲು ಟೆಲಿಕಾಂ ಕಂಪನಿಯ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ಕ್ಲಿನಿಕ್ಕಿನ ಹೆಸರಿನಲ್ಲಿ ನೋಂದಣಿ ಆಗಬೇಕು. ಆಮೇಲೆ ಕಳಿಸುವವರ ಕಿರುಹೆಸರಿಗೆ ಒಪ್ಪಿಗೆ, ಆಮೇಲೆ ಕಳಿಸಲಿರುವ ವಾಕ್ಯಕ್ಕೇ ಒಪ್ಪಿಗೆ. ಒಪ್ಪಿಸಿದ ವಾಕ್ಯದಲ್ಲಿ ಒಂದು ಪದ ಬದಲಾದರೂ ಸಂದೇಶ ಹೋಗದಿರಬಹುದು. ಇದನ್ನೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡು ಹೇಳಲಾದೀತೇ? ಆ ಹೊತ್ತಿಗೆ ನನ್ನ ನಾಲಿಗೆಯ ಅರ್ಧ ಭಾಗ ನನ್ನದಾಗಿಯೂ ಇರಲಿಲ್ಲ.

ಹೊರಗೆ ಬಂದಾಗ ಹುಡುಗಿ ಒಂದು ಚೀಟಿ ಕೊಟ್ಟಳು. ಅದು ಮೇಡಂ ನನಗೆ ಬರೆದ ಕೊಟೇಶನ್. ಮೊದಲ ಸಾಲು ಓದಿಯೇ ಗಾಬರಿಯಾಯಿತು: "36ನೆಯ ಹಲ್ಲು." ಮನುಷ್ಯನಿಗೆ ಇರುವುದೇ ಮೂವತ್ತೆರಡಲ್ಲವೇ? ಹುಡುಗಿ ನಕ್ಕು ವಿವರಿಸಿದಳು. ಬಾಯನ್ನು ನಾಲ್ಕು ಪಾಲು ಮಾಡುತ್ತಾರೆ. ಮೊದಲ ಅಂಕಿ ಪಾಲಿನದು, ಎರಡನೆಯದು ನಡುವಿನಿಂದ ಎಣಿಸಿದ ಹಲ್ಲಿನದು. ಮೂರು ಎಂದರೆ ಕೆಳಗಿನ ಎಡಪಾಲು, ಅದರಲ್ಲಿ ಆರನೆಯ ಹಲ್ಲು. ಮುಂದೆ ಹೀಗಿತ್ತು: ರೂಟ್ ಕೆನಾಲ್, ಮೂರು ಸಿಟ್ಟಿಂಗ್, ₹4,500. ಎಕ್ಸ್‌ರೇ ತಲಾ ₹150, ಸೇರಿಲ್ಲ. ಕ್ರೌನ್ ಸೇರಿಲ್ಲ, ಲೋಹದ ಮೇಲೆ ಪಿಂಗಾಣಿಯದಾದರೆ ₹4,000, ಜಿರ್ಕೋನಿಯಾ ಆದರೆ ₹8,000. ಕ್ರೌನ್ ಕೂರಿಸುವ ಮೊದಲು ಗಟ್ಟಿ ಪದಾರ್ಥ ಕಚ್ಚಿ ಹಲ್ಲು ಸೀಳಿದರೆ ಮುಂದಿನ ಚಿಕಿತ್ಸೆಗೆ ಪ್ರತ್ಯೇಕ ಶುಲ್ಕ.

ಆ ಚೀಟಿಯನ್ನು ಬಸ್ ಸ್ಟಾಪಿನಲ್ಲಿ ನಿಂತು ಮೂರು ಸಲ ಓದಿದೆ. ಎಲ್ಲಿಯೂ ಒಂದು ಇತ್ಯಾದಿ ಇಲ್ಲ. ನನ್ನಂತೆ ಅವರೂ "ಹಿಂದಿನ ಹಲ್ಲು ಇತ್ಯಾದಿ" ಎಂದು ಬರೆದಿದ್ದರೆ ನಾನು ಆ ಕುರ್ಚಿಯಲ್ಲಿ ಎರಡು ನಿಮಿಷವೂ ಕೂರುತ್ತಿರಲಿಲ್ಲ.

ಅಂದು ರಾತ್ರಿ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಎರಡನೆಯ ಮೇಲ್ ಬರೆದೆ. ಮೊತ್ತ ಮುಟ್ಟಲಿಲ್ಲ, ಒಮ್ಮೆ ಹೇಳಿದ್ದು ಹೇಳಿದ್ದೇ. ಆದರೆ ಅದಕ್ಕೆ ಏನೇನು ಸಿಗುತ್ತದೆ ಎಂದು ಹಲ್ಲಿಗೆ ನಂಬರ್ ಕೊಟ್ಟಂತೆ ಬರೆದೆ.

"ಐದು ಪುಟಗಳು, ಕನ್ನಡದಲ್ಲಿ ಮಾತ್ರ. ಚಿಕಿತ್ಸೆಗಳ ಪುಟದಲ್ಲಿ ಎಂಟು ಚಿಕಿತ್ಸೆಗಳ ವಿವರ, ತಲಾ ನೂರು ಪದ. ವಿಚಾರಣೆಯ ಒಂದು ಫಾರ್ಮ್, ಫೋನ್ ಮತ್ತು ವಾಟ್ಸಾಪಿಗೆ ಒಂದೊಂದು ಗುಂಡಿ. ವಿನ್ಯಾಸಕ್ಕೆ ಎರಡು ಸುತ್ತಿನ ತಿದ್ದುಪಡಿ. ಮೂರನೆಯ ಸುತ್ತಿನಿಂದ ಗಂಟೆಗೆ ₹600. ಇಷ್ಟಕ್ಕೆ ₹35,000. ಒಪ್ಪಿದಾಗ ಶೇಕಡಾ 40, ವಿನ್ಯಾಸ ಮೆಚ್ಚಿದಾಗ 30, ಸೈಟ್ ತೆರೆಯುವ ಮುನ್ನ ಉಳಿದ 30. ನಾನು ಜಿಎಸ್‌ಟಿ ನೋಂದಾಯಿತನಲ್ಲದ ಕಾರಣ ಅದು ಸೇರುವುದಿಲ್ಲ.

ಸೇರಿಲ್ಲದವು: ಸಮಯ ಕಾಯ್ದಿರಿಸುವ ವ್ಯವಸ್ಥೆ ₹18,000. ಎಸ್‌ಎಂಎಸ್ ಬೇಕಾದರೆ ಡಿಎಲ್‌ಟಿ ನೋಂದಣಿ ಕ್ಲಿನಿಕ್ಕಿನದು, ಜೋಡಿಸುವುದು ನನ್ನದು, ₹5,000. ಇಂಗ್ಲಿಷ್ ಪುಟಗಳು ₹8,000. ಡೊಮೇನ್ ಮತ್ತು ಹೋಸ್ಟಿಂಗ್ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಿಂದ, ವರ್ಷವರ್ಷವೂ ನವೀಕರಿಸಬೇಕು.

ಸಮಯ ನಾಲ್ಕು ವಾರ. ಮುಂಗಡ, ಎಂಟು ಚಿಕಿತ್ಸೆಗಳ ವಿವರ ಮತ್ತು ಮೂಲ ಗಾತ್ರದ ಹತ್ತು ಫೋಟೋ, ಈ ಮೂರರಲ್ಲಿ ಕೊನೆಯದು ತಲುಪಿದ ದಿನದಿಂದ ಎಣಿಕೆ. ರೋಗಿಗಳ ಫೋಟೋ ಇದ್ದರೆ ಅವರ ಲಿಖಿತ ಒಪ್ಪಿಗೆಯೂ ಬೇಕು."

ಫೋಟೋದ ಮಾತು ಸುಮ್ಮನೆ ಸೇರಿಸಿದ್ದಲ್ಲ. ಮೂರು ವಾರದ ಆ ಫೋನ್ ಆದ ಮೇಲೆ ಒಮ್ಮೆ ಮೇಡಂ ಮುಖಪುಟಕ್ಕೆಂದು ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಕಳಿಸಿದ್ದರು. ಒಂದರಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎರಡು ದಿನ ಅಲ್ಲಿ ಸಕ್ಕರೆ ಕೊಳ್ಳುವಾಗ ಅವರ ಮುಖ ನೋಡಲಾಗಲಿಲ್ಲ.

ಉತ್ತರಕ್ಕೆ ಎರಡು ದಿನ ಹೆದರಿದೆ. ಮೂರನೆಯ ದಿನ ಮೇಡಂ ಬರೆದರು: "ಈಗ ಅರ್ಥವಾಯಿತು. ಬುಕಿಂಗ್ ವ್ಯವಸ್ಥೆ ಬೇಡ, ನಮ್ಮ ಹುಡುಗಿಯ ಡೈರಿಯೇ ಸಾಕು. ಮುಂಗಡ ಇವತ್ತೇ ಹಾಕುತ್ತೇನೆ." ಒಂದು ಬೈಗುಳವಿಲ್ಲ, ಚೌಕಾಸಿಯಿಲ್ಲ. ಇದನ್ನೇ ಮೊದಲ ದಿನ ಬರೆಯಲು ನನಗೇನು ಹಲ್ಲುನೋವು ಬಂದಿತ್ತೋ. ಬಂದಿರಲಿಲ್ಲ, ಅದೇ ತೊಂದರೆ.

ಸಂಜೆ ಮೊಬೈಲ್ ಸದ್ದು ಮಾಡಿತು. ₹14,000 ಬರಬೇಕಿದ್ದ ಜಾಗದಲ್ಲಿ ₹5,200 ಬಂದಿತ್ತು. ರೂಟ್ ಕೆನಾಲಿನ ಹಣ ಆಗಲೇ ಕೊಟ್ಟಿದ್ದೆ. ಬಾಕಿ ಇದ್ದದ್ದು ಜಿರ್ಕೋನಿಯಾ ಕ್ರೌನಿನ ಎಂಟು ಸಾವಿರ, ಎರಡು ಎಕ್ಸ್‌ರೇಯ ಮುನ್ನೂರು. ಎಷ್ಟು ಸಲ ಕೂಡಿದರೂ ಐನೂರು ರೂಪಾಯಿಗೆ ಲೆಕ್ಕ ಸಿಗಲಿಲ್ಲ. ಕೊನೆಗೆ ಹಣದ ಕೆಳಗಿದ್ದ ಟಿಪ್ಪಣಿ ಓದಿದೆ: "ಕ್ರೌನ್, ಎಕ್ಸ್‌ರೇ ಇತ್ಯಾದಿ ಕಳೆದು."